ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟಿನ 3 ತಿಂಗಳು ಯಾವತ್ತಿಂದ ಯಾವತ್ತಿನವರೆಗೆ?

ಪ್ರಶ್ನೆ: ಸರ್ ನಮಸ್ತೆ. ನಾನು ವಿರಾಜಪೇಟೆ ಕಡೆಯವಳು, ಮಡಿಕೇರಿ ಮೆಡಿಕಲ್ ಕಾಲೇಜಲ್ಲಿ ಎಂಬಿಬಿಎಸ್ ಮಾಡಿದೆ. ಮೊದ್ಲು 8 ತಿಂಗಳು ಮಾನಂತವಾಡಿಲಿ ಕೆಲ್ಸ ಮಾಡಿ ಆಮೇಲಿಂದ ಇಲ್ಲೇ ಒಂದು ಪ್ರೈವೇಟ್ ಆಸ್ಪತ್ರೆಲಿದೀನಿ. ಪ್ಲಾಬ್ 2 ಪಾಸಾಗಿದೆ, ಇಂಗ್ಲೆಂಡಲ್ಲಿ ಕೆಲ್ಸನೂ ಸಿಕ್ಕಿದೆ, ಜುಲೈಗೆ ಜಾಯಿನ್ ಆಗ್ಬೇಕು. ಗುಡ್ ಸ್ಟ್ಯಾಂಡಿಂಗ್ ಫೆಬ್ರವರಿ 10ರ ಡೇಟಲ್ಲಿ ಬಂದಿದೆ, ಈಗ ಏಪ್ರಿಲ್ ಕೊನೆ, ಡಿಗ್ರಿ ವೆರಿಫಿಕೇಶನ್ ಮಾತ್ರ ಇನ್ನೂ ಮುಗ್ದಿಲ್ಲ. ನಮ್ಮ ಅಣ್ಣ ಒಬ್ರು ಇದು ರಿಜಿಸ್ಟ್ರೇಷನ್ ಇರೋವರ್ಗೂ ನಡಿಯತ್ತೆ ಅಂತಾರೆ, ಏಜೆಂಟ್ 3 ತಿಂಗಳು ಅಷ್ಟೇ, ಬೇಕಾದ್ರೆ ಡೇಟ್ ಸರಿಮಾಡಿ ಕೊಡ್ತೀನಿ ಅಂತಾನೆ. ಮದ್ವೆ ಆದ್ಮೇಲೆ ಪಾಸ್‌ಪೋರ್ಟಲ್ಲಿ ಗಂಡನ ಮನೆ ಹೆಸ್ರು ಬಂದಿದೆ, ಸರ್ಟಿಫಿಕೇಟಲ್ಲಿ ಹಳೇ ಇನಿಷಿಯಲ್ ಇದೆ. ಏನ್ ಮಾಡ್ಲಿ?

ಉತ್ತರ:

ಡಾಕ್ಟ್ರೇ, ಮೊದ್ಲು ಆ ಏಜೆಂಟ್ ವಿಷ್ಯ ಮುಗಿಸಿಬಿಡ್ತೀನಿ, ಯಾಕಂದ್ರೆ ನಿಮ್ಮ ಪ್ರಶ್ನೇಲಿ ನಿಜವಾಗ್ಲೂ ಹೆದರಬೇಕಾಗಿರೋದು ಅದೊಂದಕ್ಕೇನೇ. ಡೇಟ್ ದಾಟಿದ ಸರ್ಟಿಫಿಕೇಟು ಒಂದು ಸಣ್ಣ ತೊಂದ್ರೆ, ಇನ್ನೊಂದು ತರಿಸಿದ್ರೆ ಸರಿಹೋಗತ್ತೆ. ತಿದ್ದಿದ ಡೇಟಿರೋ ಸರ್ಟಿಫಿಕೇಟು ಫೋರ್ಜರಿ. ಜಿಎಂಸಿ ಅಂದ್ರೆ ಇಂಗ್ಲೆಂಡಿನ ಜನರಲ್ ಮೆಡಿಕಲ್ ಕೌನ್ಸಿಲ್‌ನವ್ರು ಅನುಮಾನ ಬಂದ್ರೆ ಕಾಗದ ಕೊಟ್ಟ ಕೌನ್ಸಿಲನ್ನೇ ನೇರ ಕೇಳ್ತಾರೆ, ಅಲ್ಲಿನ ರೆಕಾರ್ಡಲ್ಲಿ ಫೆಬ್ರವರಿ 10 ಇದ್ದು ನಿಮ್ಮ ಕಾಗದದಲ್ಲಿ ಏಪ್ರಿಲ್ ಇದ್ರೆ ಅಲ್ಲಿಗೆ ನಿಮ್ಮ ಪ್ರಾಮಾಣಿಕತೆ ಮೇಲೇ ಪ್ರಶ್ನೆ ಏಳತ್ತೆ. ನಿಮ್ಮ ನಡತೆ ಸರಿ ಇದೆ ಅಂತ ಹೇಳೋಕಿರೋ ಕಾಗದವನ್ನೇ ತಿದ್ದಿದ್ರು ಅಂತ ಆದ್ರೆ ಆಮೇಲೆ ಯಾವ ದೇಶದಲ್ಲಿ ಅಪ್ಲೈ ಮಾಡಿದ್ರೂ ಆ ವಿಷ್ಯ ಹೇಳ್ಕೊಳ್ಳಲೇಬೇಕಾಗತ್ತೆ. ತಿದ್ದಿದ್ದು ಏಜೆಂಟ್ ಅಂತ ಹೇಳಿದ್ರೂ ಕಳಿಸಿದ ಹೆಸರು ನಿಮ್ದೇ. ಅವನಿಗೆ ನಿಮ್ಮ ಅಕೌಂಟ್ ಪಾಸ್‌ವರ್ಡ್ ಕೊಟ್ಟಿದ್ರೆ ಇವತ್ತೇ ಬದಲಾಯಿಸಿ.

ಈಗ ನಿಮ್ಮ ಅಣ್ಣ ಹೇಳಿದ್ದು. ಅವ್ರು ಹೇಳ್ತಿರೋದು ರಿಜಿಸ್ಟ್ರೇಷನ್ ಬಗ್ಗೆ, ಗುಡ್ ಸ್ಟ್ಯಾಂಡಿಂಗ್ ಬಗ್ಗೆ ಅಲ್ಲ, ಎರಡನ್ನೂ ಒಂದೇ ಅಂದ್ಕೊಂಡಿರೋರು ತುಂಬಾ ಜನ ಇದಾರೆ. ನಿಮ್ಮ ಕರ್ನಾಟಕ ಮೆಡಿಕಲ್ ಕೌನ್ಸಿಲ್ ರಿಜಿಸ್ಟ್ರೇಷನ್ ಅನ್ನೋದು ಪ್ರಾಕ್ಟೀಸ್ ಮಾಡೋಕೆ ಕೊಟ್ಟಿರೋ ಅನುಮತಿ, ಅದನ್ನ 5 ವರ್ಷಕ್ಕೊಂದ್ಸಲ ರಿನ್ಯೂ ಮಾಡಿಸ್ತಾ ಹೋದ್ರೆ ಮುಂದುವರಿಯತ್ತೆ. ಗುಡ್ ಸ್ಟ್ಯಾಂಡಿಂಗ್ ಅನ್ನೋದು ಆ ಕೌನ್ಸಿಲು ಇನ್ನೊಂದು ದೇಶದ ಕೌನ್ಸಿಲಿಗೆ ಬರೆಯೋ ಹೇಳಿಕೆ. ಅದರಲ್ಲಿ ಮುಖ್ಯವಾಗಿ ಇರೋದು ಇಷ್ಟೇ: ಇವ್ರು ನಮ್ಮಲ್ಲಿ ರಿಜಿಸ್ಟರ್ ಆಗಿ ಪ್ರಾಕ್ಟೀಸ್ ಮಾಡೋಕೆ ಅರ್ಹರು, ಇವ್ರನ್ನ ಸಸ್ಪೆಂಡ್ ಮಾಡಿಲ್ಲ ತೆಗೆದುಹಾಕಿಲ್ಲ, ಇವ್ರ ನಡತೆ ಬಗ್ಗೆ ಅನುಮಾನ ಪಡೋ ಅಂಥದ್ದು ಯಾವ್ದೂ ನಮ್ಮ ಗಮನದಲ್ಲಿಲ್ಲ. ನೀವೇ ಯಾರಿಗಾದ್ರೂ ಫಿಟ್ನೆಸ್ ಸರ್ಟಿಫಿಕೇಟ್ ಬರೆದುಕೊಟ್ರೆ ಆವತ್ತು ನೋಡಿದ್ದನ್ನ ಮಾತ್ರ ಬರೀತೀರಲ್ವಾ, ಆರು ತಿಂಗಳಾದ್ಮೇಲೆ ಆ ಮನುಷ್ಯ ಹೇಗಿರ್ತಾನೆ ಅಂತ ನಿಮಗೇನು ಗೊತ್ತು, ಇದೂ ಹಾಗೇ. ಸರ್ಟಿಫಿಕೇಟ್ ಕೊಟ್ಟ ಮಾರನೇ ದಿನ ನಿಮ್ಮ ಮೇಲೊಂದು ಕಂಪ್ಲೇಂಟ್ ಬಂದ್ರೂ ಆ ಕಾಗದದಲ್ಲಿ ಅದು ಕಾಣಲ್ಲ, ಅದಕ್ಕೇ ತಗೊಳ್ಳೋ ಕೌನ್ಸಿಲು ಹಳೇ ಕಾಗದ ಬೇಡ ಅನ್ನತ್ತೆ.

ಇಲ್ಲಿ ಗಮನಿಸಬೇಕಾದ್ದು ಏನಂದ್ರೆ ವ್ಯಾಲಿಡಿಟಿ ಎಷ್ಟು ಅಂತ ತೀರ್ಮಾನ ಮಾಡೋದು ಕೊಡೋರಲ್ಲ, ತಗೊಳ್ಳೋರು. ಹಾಗಾಗಿ ಒಂದೇ ಸರ್ಟಿಫಿಕೇಟು ಒಂದು ದೇಶಕ್ಕೆ ಹಳೇದಾಗಿರತ್ತೆ, ಇನ್ನೊಂದಕ್ಕೆ ಇನ್ನೂ ನಡೀತಿರತ್ತೆ. ದುಬೈ ಕಡೆ ಸಾಮಾನ್ಯವಾಗಿ 6 ತಿಂಗಳ ಒಳಗಿನದ್ದು ಕೇಳ್ತಾರೆ, ನಿಮ್ಮ ಫ್ರೆಂಡ್ಸ್ ಯಾರಾದ್ರೂ ಗಲ್ಫಿಗೆ ಹೋಗಿದ್ರೆ ಅವ್ರು 6 ತಿಂಗಳು ಅಂತ ಹೇಳೋದು ಸುಳ್ಳಲ್ಲ, ನಿಮಗೆ ಅನ್ವಯಿಸಲ್ಲ ಅಷ್ಟೇ. ಆಸ್ಟ್ರೇಲಿಯಾದಲ್ಲೂ 3 ತಿಂಗಳೇ, ಆದ್ರೆ ಅಲ್ಲಿ ಎಣಿಸೋದು ನಿಮ್ಮ ಅಪ್ಲಿಕೇಶನ್ ಅವರ ಕೈಗೆ ಸೇರೋ ದಿನಕ್ಕೆ. ಜಿಎಂಸಿಯಲ್ಲಿ ಸರ್ಟಿಫಿಕೇಟಿಗೆ ಸಹಿ ಬಿದ್ದ ದಿನದಿಂದ 3 ತಿಂಗಳು, ಮತ್ತೆ ಅವ್ರು ನಿಮ್ಮ ಅಪ್ಲಿಕೇಶನ್ ಅಪ್ರೂವ್ ಮಾಡೋ ದಿನ ಅದು ಚಾಲ್ತೀಲಿರ್ಬೇಕು. ನೀವು ಸಬ್ಮಿಟ್ ಮಾಡೋ ದಿನ ಇದ್ರೆ ಸಾಲ್ದು. ಎಷ್ಟೋ ಜನ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ, ಸರ್ಟಿಫಿಕೇಟ್ 80 ದಿನ ಹಳೇದಾಗಿದ್ದಾಗ ಅಪ್ಲೈ ಮಾಡಿ ಇನ್ನೂ ಟೈಮಿದೆ ಅಂತ ಕೂತ್ಕೊಳ್ತಾರೆ, ಅವ್ರು ಪರಿಶೀಲನೆ ಮಾಡಿ ಇನ್ನೊಂದು ಕಾಗದ ಕೇಳಿ ಅದು ಹೋಗೋ ಹೊತ್ತಿಗೆ 3 ತಿಂಗಳು ದಾಟಿರತ್ತೆ.

ನಿಮ್ಮ ಲೆಕ್ಕ ನೋಡೋಣ. ಫೆಬ್ರವರಿ 10ಕ್ಕೆ 3 ತಿಂಗಳು ಅಂದ್ರೆ ಮೇ 10. ಇವತ್ತಿಗೆ ಹೆಚ್ಚುಕಮ್ಮಿ ಎರಡು ವಾರ ಉಳಿದಿದೆ. ಡಿಗ್ರಿ ವೆರಿಫಿಕೇಶನ್ ಅಂದ್ರೆ ನೀವು ಹೇಳ್ತಿರೋದು ಎಪಿಕ್ ಅಂದ್ಕೊಳ್ತೀನಿ, ಅದ್ರಲ್ಲಿ ನಿಮ್ಮ ಎಂಬಿಬಿಎಸ್ ಡಿಗ್ರಿ ನಿಜವಾದ್ದೇ ಅಂತ ಡಿಗ್ರಿ ಕೊಟ್ಟ ಕಡೆಯಿಂದ್ಲೇ, ಅಂದ್ರೆ ನಿಮ್ಮ ಲೆಕ್ಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕಡೆಯಿಂದ, ಉತ್ತರ ಬರ್ಬೇಕು. ಪ್ಲಾಬ್ ಪರೀಕ್ಷೆ ಬರೆಯೋಕೆ ಅದು ಬೇಕಿರ್ಲಿಲ್ಲ, ಆದ್ರೆ ಲೈಸೆನ್ಸ್ ಸಮೇತ ರಿಜಿಸ್ಟ್ರೇಷನ್ ಕೊಡೋಕೆ ಬೇಕೇ ಬೇಕು. ಅದು ಎರಡು ವಾರದಲ್ಲಿ ಬಂದು, ಗುರುತಿನ ಚೆಕ್ ಮುಗಿದು, ಜಿಎಂಸಿ ಫೈಲ್ ನೋಡಿ ಒಪ್ಪಿಗೆ ಕೊಡೋದು ಎಲ್ಲಾ ಮೇ 10ರ ಒಳಗೆ ಆಗತ್ತೆ ಅಂತ ನಾನಂತೂ ನಂಬಲ್ಲ. ಹಾಗಾಗಿ ಫೆಬ್ರವರಿ ಸರ್ಟಿಫಿಕೇಟು ಮುಗೀತು ಅಂತಾನೇ ತಿಳ್ಕೊಳ್ಳಿ. ಡೇಟ್ ದಾಟೋದ್ರಿಂದ ನಿಮ್ಮ ಮೇಲೆ ಯಾವ ಕಪ್ಪು ಚುಕ್ಕೆನೂ ಬರಲ್ಲ, ಮತ್ತೊಂದ್ಸಲ ಕೇಳೋಕೆ ಯಾರೂ ಬೇಡ ಅನ್ನಲ್ಲ, ಫೀಸು ಮತ್ತೆ ಕಟ್ಬೇಕು ಅಷ್ಟೇ.

ಈ ಕೆಲಸದಲ್ಲಿ ಇರೋದ್ರಿಂದ ಹೇಳ್ತಿದೀನಿ, ಗುಡ್ ಸ್ಟ್ಯಾಂಡಿಂಗನ್ನ ಎಲ್ಲಕ್ಕಿಂತ ಮೊದ್ಲು ತರಿಸೋದೇ ನಮ್ಮ ಕಡೆ ನಡೀತಿರೋ ದೊಡ್ಡ ತಪ್ಪು. ಅದು ಸರ್ಕಾರಿ ಕಾಗದ, ಲೇಟಾಗತ್ತೆ, ಮೊದ್ಲೇ ತೆಗೆದಿಟ್ಕೊಳ್ಳೋಣ ಅನ್ನೋ ಯೋಚ್ನೆ ಅರ್ಥ ಆಗತ್ತೆ, ಆದ್ರೆ ಬೇಗ ಹಳೇದಾಗೋ ಕಾಗದನೂ ಅದೇ. ಪ್ಲಾಬ್ 2 ಪಾಸಾದ್ಮೇಲೆ ರಿಜಿಸ್ಟ್ರೇಷನ್ ತಗೊಳ್ಳೋಕೆ 2 ವರ್ಷ ಇರತ್ತೆ, ಎಪಿಕ್ ಒಂದ್ಸಲ ಆದ್ರೆ ಆಯ್ತು, ಇವೆಲ್ಲ ನಿಧಾನವಾಗಿ ಹಳೇದಾಗೋವು ಅಥ್ವಾ ಆಗದೇ ಇರೋವು. ನಿಧಾನ ಹಳೇದಾಗೋದನ್ನ ಮೊದ್ಲು ಮುಗಿಸಿ, 3 ತಿಂಗಳದ್ದನ್ನ ಕೊನೆಗೆ ತರಿಸ್ಬೇಕು.

ಕೊನೆಗೆ ಅಂದ್ರೆ ಎಷ್ಟು ಕೊನೆಗೆ ಅನ್ನೋದು ಮುಂದಿನ ಪ್ರಶ್ನೆ, ಯಾಕಂದ್ರೆ ನಮ್ಮಲ್ಲಿ ಇದು ಎರಡು ಮೆಟ್ಟಿಲಿನ ಕೆಲಸ. ಮೊದ್ಲು ಬೆಂಗಳೂರಿನ ಕರ್ನಾಟಕ ಮೆಡಿಕಲ್ ಕೌನ್ಸಿಲ್ ನಿಮ್ಮ ಬಗ್ಗೆ ಗುಡ್ ಸ್ಟ್ಯಾಂಡಿಂಗ್ ಕೊಡತ್ತೆ, ಅದನ್ನ ಇಟ್ಕೊಂಡು ದೆಹಲಿಯ ನ್ಯಾಷನಲ್ ಮೆಡಿಕಲ್ ಕಮಿಷನ್ನಿಗೆ ಅಪ್ಲೈ ಮಾಡಿದ್ರೆ ಅವ್ರು ವಿದೇಶದ ಕೌನ್ಸಿಲಿನ ಹೆಸರಿಗೆ ಕೊಡ್ತಾರೆ. ಹಳೇ ಮೆಡಿಕಲ್ ಕೌನ್ಸಿಲ್ ಆಫ್ ಇಂಡಿಯಾ ಹೋಗಿ ಈ ಕಮಿಷನ್ ಬಂದಿದ್ದು 2020ರಲ್ಲಿ, ಹಿರಿಯರು ಯಾರಾದ್ರೂ ಎಂಸಿಐಗೆ ಬರಿ ಅಂತ ಹೇಳಿದ್ರೆ ಇದೇ. ಎರಡೂ ಕಡೆ ಒಂದೊಂದು ಡೇಟ್ ಬೀಳತ್ತೆ, ಮತ್ತೆ ನಿಮ್ಮ 3 ತಿಂಗಳು ಶುರುವಾಗೋದು ಜಿಎಂಸಿ ಕೈಗೆ ಹೋಗೋ ಕಾಗದದ ಮೇಲಿರೋ ಡೇಟಿಂದ. ನಿಮಗೆ ಫೆಬ್ರವರಿ 10ಕ್ಕೆ ಬಂದಿರೋದು ಇವೆರಡ್ರಲ್ಲಿ ಯಾವ್ದು ಅಂತ ಒಂದ್ಸಲ ತೆಗೆದು ನೋಡಿ. ಸ್ಟೇಟ್ ಕೌನ್ಸಿಲಿಂದಷ್ಟೇ ತಗೊಂಡು ಕೆಲಸ ಆಯ್ತು ಅಂದ್ಕೊಂಡಿರೋರನ್ನೂ ನೋಡಿದೀನಿ. ಮೊದಲನೇ ಮೆಟ್ಟಿಲಿನ ಕಾಗದ ಹಳೇದಾಗಿದ್ರೆ ಎರಡನೇ ಕಡೆ ತಕರಾರು ಬರತ್ತೆ, ಹಾಗಾಗಿ ಹೊಸದಾಗಿ ಶುರುಮಾಡುವಾಗ ಎರಡನ್ನೂ ಹೊಸದೇ ತಗೊಳ್ಳಿ. ಇನ್ನೊಂದು, ವಿದೇಶಿ ಕೌನ್ಸಿಲುಗಳಲ್ಲಿ ಕೆಲವು ಸರ್ಟಿಫಿಕೇಟು ಕೊಟ್ಟ ಕಡೆಯಿಂದ್ಲೇ ನೇರ ಬರ್ಬೇಕು ಅಂತವೆ, ನಿಮ್ಮ ಕೈಲಿರೋ ಕಾಪಿ ಸ್ಕ್ಯಾನ್ ಮಾಡಿ ಕಳಿಸಿದ್ರೆ ಲೆಕ್ಕಕ್ಕೆ ತಗೊಳ್ಳಲ್ಲ, ಹಾಗಾಗಿ ಅಪ್ಲಿಕೇಶನ್ನಲ್ಲಿ ಎಲ್ಲಿಗೆ ಕಳಿಸ್ಬೇಕು ಅನ್ನೋ ಜಾಗದಲ್ಲಿ ಆ ಕೌನ್ಸಿಲು ಕೊಟ್ಟಿರೋ ಇಮೇಲನ್ನ ಒಂದಕ್ಷರ ತಪ್ಪದೆ ಹಾಕಿ.

ಅದಕ್ಕಿಂತ ಮುಂಚೆ ನಿಮ್ಮ ಹೆಸರು ಸರಿಯಾಗ್ಬೇಕು, ಹೆಸರು ಬಿಟ್ಟು ಹೊಸ ಸರ್ಟಿಫಿಕೇಟ್ ತರಿಸಿದ್ರೆ ಅದೂ ದಂಡ. ಕೊಡಗಿನ ಫೈಲುಗಳಲ್ಲಿ ಇದು ಪದೇ ಪದೇ ಬರೋ ತೊಂದ್ರೆ. ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ಮನೆ ಹೆಸರು, ಅಪ್ಪನ ಹೆಸರು ಎರಡೂ ಬರೀ ಇನಿಷಿಯಲ್ ಆಗಿರತ್ತೆ, ಅದೇ ಡಿಗ್ರೀಲಿ, ಅದೇ ಮೆಡಿಕಲ್ ಕೌನ್ಸಿಲ್ ರಿಜಿಸ್ಟರಲ್ಲಿ. ಪಾಸ್‌ಪೋರ್ಟ್ ಮಾಡಿಸುವಾಗ ಮನೆ ಹೆಸರನ್ನ ಬಿಡಿಸಿ ಬರೀತಾರೆ, ಮದ್ವೆ ಆದ ಹೆಣ್ಣುಮಕ್ಳಿಗೆ ಅಲ್ಲಿ ಒಕ್ಕ ಅಂದ್ರೆ ಮನೆತನದ ಹೆಸರೇ ಬದಲಾಗಿರತ್ತೆ. ನಮಗೆ ನೋಡಿದ ಕೂಡ್ಲೇ ಗೊತ್ತಾಗತ್ತೆ ಇವ್ರು ಇಂಥಾ ಮನೆಯಿಂದ ಇಂಥಾ ಮನೆಗೆ ಬಂದೋರು ಅಂತ, ಆದ್ರೆ ಮ್ಯಾಂಚೆಸ್ಟರಿನ ಜಿಎಂಸಿ ಆಫೀಸಲ್ಲಿ ಕೂತು ಫೈಲ್ ನೋಡೋರಿಗೆ ಇವು ಎರಡು ಬೇರೆ ಬೇರೆ ಹೆಂಗಸ್ರ ಹೆಸರು. ನಿಮ್ಮ ವಿಷ್ಯದಲ್ಲಿ ಎರಡು ವ್ಯತ್ಯಾಸ ಸೇರ್ಕೊಂಡಿದೆ, ಒಂದು ಇನಿಷಿಯಲ್ ಬಿಡಿಸಿದ್ದು, ಇನ್ನೊಂದು ಮದ್ವೆಯಿಂದ ಬದಲಾಗಿದ್ದು, ಎರಡಕ್ಕೂ ಬೇರೆ ಬೇರೆ ಪುರಾವೆ ಬೇಕು.

ಮದ್ವೆಯಿಂದ ಬದಲಾಗಿದ್ದಕ್ಕೆ ಮ್ಯಾರೇಜ್ ಸರ್ಟಿಫಿಕೇಟು. ಮಂಟಪದಲ್ಲಿ ಮದ್ವೆ ಆಗಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗದೇ ಇರೋರು ಇನ್ನೂ ಇದಾರೆ, ನೀವು ಪಾಸ್‌ಪೋರ್ಟಲ್ಲಿ ಹೆಸರು ಹಾಕಿಸಿದೀರಿ ಅಂದ್ರೆ ಬಹುಶಃ ಮಾಡಿಸಿರ್ತೀರಿ, ಅದರಲ್ಲಿ ನಿಮ್ಮ ಹಳೇ ಹೆಸರು ಡಿಗ್ರೀಲಿ ಇರೋ ತರಾನೇ ಇದೆಯಾ ಅಂತ ಮಾತ್ರ ನೋಡ್ಕೊಳ್ಳಿ. ಇನಿಷಿಯಲ್ ವಿಷ್ಯಕ್ಕೆ ಡಿಗ್ರಿ ಕೊಟ್ಟ ಕಡೆಯಿಂದ, ಈ ಇನಿಷಿಯಲ್ಲಿನ ವಿಸ್ತಾರ ಇದೇ, ಇಬ್ರೂ ಒಬ್ರೇ ಅಂತ ಒಂದು ಪತ್ರ ತಗೊಳ್ಳೋದು ಗಟ್ಟಿ. ನೋಟರಿ ಹತ್ರ ನೀವೇ ಮಾಡಿಸಿದ ಅಫಿಡವಿಟ್ಟು ನಮ್ಮ ತಾಲೂಕಾಫೀಸಲ್ಲಿ ನಡೀಬಹುದು, ಹೊರದೇಶದ ಕೌನ್ಸಿಲಿಗೆ ನಿಮ್ಮ ಬಗ್ಗೆ ನೀವೇ ಹೇಳಿಕೊಂಡಿದ್ದಕ್ಕಿಂತ ಸಂಸ್ಥೆ ಹೇಳಿದ್ದಕ್ಕೇ ಬೆಲೆ ಜಾಸ್ತಿ. ಎಲ್ಲಕ್ಕಿಂತ ಒಳ್ಳೇದು ಕರ್ನಾಟಕ ಮೆಡಿಕಲ್ ಕೌನ್ಸಿಲಿನ ರಿಜಿಸ್ಟರಲ್ಲೇ ಹೆಸರು ಬದಲಾಯಿಸಿಕೊಂಡು ಆಮೇಲೆ ಗುಡ್ ಸ್ಟ್ಯಾಂಡಿಂಗ್ ಕೇಳೋದು, ಆಗ ಎರಡೂ ಮೆಟ್ಟಿಲಲ್ಲೂ ಪಾಸ್‌ಪೋರ್ಟಿನ ಹೆಸರೇ ಬರತ್ತೆ. ಅದಕ್ಕೆ ಟೈಮ್ ಹಿಡಿಯತ್ತೆ, ಜುಲೈ ಕೆಲಸ ಕೈತಪ್ಪೋ ಹಾಗಿದ್ರೆ ಹಳೇ ಹೆಸರಲ್ಲೇ ಸರ್ಟಿಫಿಕೇಟ್ ತರಿಸಿ ಜೊತೆಗೆ ಮ್ಯಾರೇಜ್ ಸರ್ಟಿಫಿಕೇಟು ಮತ್ತೆ ಆ ಪತ್ರ ಇಡಬಹುದು. ಇದರಲ್ಲಿ ರಿಸ್ಕ್ ಏನಂದ್ರೆ ಜಿಎಂಸಿಯವ್ರು ಇನ್ನೊಂದು ಪ್ರಶ್ನೆ ಕೇಳಿದ್ರೆ ಅದಕ್ಕೆ ಉತ್ತರ ತರೋ ಹೊತ್ತಿಗೆ 3 ತಿಂಗಳಲ್ಲಿ ಒಂದಿಷ್ಟು ಕರಗಿರತ್ತೆ.

ನೀವು ಪ್ರಶ್ನೇಲಿ ಹಗುರವಾಗಿ ಹೇಳಿ ಬಿಟ್ಟಿರೋ ಮಾನಂತವಾಡಿ ಹಗುರವಾದ್ದಲ್ಲ. ವಿರಾಜಪೇಟೆಯಿಂದ, ಕುಟ್ಟದಿಂದ ವಯನಾಡ್ ಕಡೆ ಕೆಲಸಕ್ಕೆ ಹೋಗಿ ಬರೋದು ನಮಗೆ ಪಕ್ಕದೂರಿಗೆ ಹೋದಂಗೆ ಅನ್ಸತ್ತೆ, ಕಾಗದದಲ್ಲಿ ಅದು ಬೇರೆ ರಾಜ್ಯದ ಕೌನ್ಸಿಲು. ಜಿಎಂಸಿ ಕೇಳೋದು ಕಳೆದ 5 ವರ್ಷದಲ್ಲಿ ನೀವು ರಿಜಿಸ್ಟರ್ ಆಗಿದ್ದ ಅಥ್ವಾ ಕೆಲಸ ಮಾಡಿದ ಕಡೆಯದ್ದೆಲ್ಲ, ಜೊತೆಗೆ ಆ 5 ವರ್ಷ ಎಲ್ಲೆಲ್ಲಿ ಏನೇನು ಮಾಡಿದ್ರಿ ಅಂತ ಬಿಡುವು ಸಮೇತ ಬರೆಸ್ಕೊಳ್ತಾರೆ. ನೀವು ಕೇರಳ ಕೌನ್ಸಿಲಲ್ಲಿ ರಿಜಿಸ್ಟರ್ ಆಗಿದ್ರೆ ಅಲ್ಲಿಂದಲೂ ಒಂದು ಗುಡ್ ಸ್ಟ್ಯಾಂಡಿಂಗ್ ತಗೊಂಡು ಕಮಿಷನ್ನಿಗೆ ಹಾಕೋ ಅಪ್ಲಿಕೇಶನ್ನಲ್ಲಿ ಎರಡೂ ರಿಜಿಸ್ಟ್ರೇಷನ್ ನಂಬರ್ ತೋರಿಸಿ. ಅಲ್ಲಿ ರಿಜಿಸ್ಟರ್ ಆಗದೆ ಬರೀ ಕರ್ನಾಟಕದ ನಂಬರಲ್ಲೇ ಕೆಲಸ ಮಾಡಿದ್ರಿ ಅಂದ್ರೆ ಆ 8 ತಿಂಗಳನ್ನ ಬಿಟ್ಟುಬಿಡೋಣ ಅನ್ಸತ್ತೆ, ದಯವಿಟ್ಟು ಬಿಡಬೇಡಿ. ಇದ್ದದ್ದನ್ನ ಇದ್ದ ಹಾಗೆ ಬರೀರಿ, ಆ ಆಸ್ಪತ್ರೆಯಿಂದ ಯಾವ ಡೇಟಿಂದ ಯಾವ ಡೇಟಿನವರೆಗೆ ಏನು ಕೆಲಸ ಅಂತ ಪತ್ರ ತಗೊಳ್ಳಿ, ಅವ್ರು ಕೇಳಿದ್ರೆ ಉತ್ತರ ಕೊಡಿ. ಕೇಳಿದ್ದಕ್ಕೆ ಉತ್ತರ ಕೊಡೋದ್ರಲ್ಲಿ ವಾರಗಳು ಹೋಗಬಹುದು, ಮುಚ್ಚಿಟ್ಟು ಆಮೇಲೆ ಗೊತ್ತಾದ್ರೆ ರಿಜಿಸ್ಟ್ರೇಷನ್ನೇ ಹೋಗಬಹುದು.

ನಿಮ್ಮ ಮೇಲೆ ಕಂಪ್ಲೇಂಟ್ ಏನೂ ಇಲ್ಲ ಅಂದ್ಕೊಂಡು ಇಷ್ಟು ಬರೆದೆ. ಇದ್ರೆ ಏನು ಅಂತ ಓದೋ ಬೇರೆಯವ್ರಿಗೆ ಅನ್ಸಬಹುದು, ಆಗ ಕೌನ್ಸಿಲು ಸರ್ಟಿಫಿಕೇಟಲ್ಲೇ ಅದನ್ನ ಬರೆಯತ್ತೆ ಅಥ್ವಾ ಅದು ಇತ್ಯರ್ಥ ಆಗೋವರೆಗೂ ತಡೆಯತ್ತೆ. ಕಂಪ್ಲೇಂಟ್ ಇದೆ ಅಂದ ಮಾತ್ರಕ್ಕೆ ಬಾಗಿಲು ಮುಚ್ಚಿತು ಅಂತಲ್ಲ, ವಿದೇಶದ ಕೌನ್ಸಿಲು ವಿವರ ಕೇಳಿ ತಾನೇ ತೂಗಿ ನೋಡತ್ತೆ.

ಈಗ ನಿಮಗೆ ನಾನು ಹೇಳೋ ಕ್ರಮ. ಈ ವಾರ ಎಪಿಕ್ ಅಕೌಂಟ್ ತೆರೆದು ಯೂನಿವರ್ಸಿಟಿಗೆ ಯಾವ ದಿನ ಹೋಗಿದೆ ಅಂತ ನೋಡಿ, ಹೋಗಿ ವಾರಗಳಾಗಿದ್ರೆ ಯೂನಿವರ್ಸಿಟಿಯ ಆ ವಿಭಾಗಕ್ಕೆ ಫೋನ್ ಮಾಡಿ ಅಥ್ವಾ ಯಾರಾದ್ರೂ ಬೆಂಗಳೂರಲ್ಲಿ ಇದ್ರೆ ಹೋಗಿ ಕೇಳೋಕೆ ಹೇಳಿ, ಅಲ್ಲಿ ಫೈಲು ಕೂತಿರೋದೇ ಹೆಚ್ಚು. ಅದೇ ವಾರ ಹೆಸರಿನ ಪತ್ರಕ್ಕೂ ಕೇರಳದ ಕಾಗದಕ್ಕೂ ಹಾಕಿ. ಕರ್ನಾಟಕ ಕೌನ್ಸಿಲಲ್ಲಿ ನಿಮ್ಮ ಮೊಬೈಲ್ ನಂಬರ್, ಇಮೇಲ್ ಈಗಿನದ್ದೇ ಇದೆಯಾ ನೋಡ್ಕೊಳ್ಳಿ, ಓಟಿಪಿ ಹಳೇ ಸಿಮ್ಮಿಗೆ ಹೋಗಿ ದಿನಗಟ್ಟಲೆ ನಿಂತಿರೋ ಅಪ್ಲಿಕೇಶನ್ ಬೇಕಾದಷ್ಟಿವೆ. ಯೂನಿವರ್ಸಿಟಿಯಿಂದ ಎಪಿಕ್ಕಿಗೆ ಉತ್ತರ ಹೋಯ್ತು ಅಂತ ಖಾತ್ರಿ ಆದ ದಿನ ಕರ್ನಾಟಕ ಕೌನ್ಸಿಲಿಗೆ ಹೊಸ ಗುಡ್ ಸ್ಟ್ಯಾಂಡಿಂಗಿಗೆ ಹಾಕಿ, ಅದು ಬಂದ ಕೂಡ್ಲೇ ಕಮಿಷನ್ನಿಗೆ.

ಉದಾಹರಣೆಗೆ ಎಪಿಕ್ ಮೇ 20ಕ್ಕೆ ಮುಗೀತು, ಕಮಿಷನ್ ಸರ್ಟಿಫಿಕೇಟಿಗೆ ಜೂನ್ 12ರ ಡೇಟ್ ಬಿತ್ತು ಅಂದ್ಕೊಳ್ಳಿ. ಆಗ ನಿಮಗೆ ಸೆಪ್ಟೆಂಬರ್ 12ರವರೆಗೆ ಟೈಮಿದೆ. ಅದೇ ವಾರ ಜಿಎಂಸಿಗೆ ಅಪ್ಲೈ ಮಾಡಿದ್ರೆ ಅವ್ರು ಒಂದೆರಡು ಪ್ರಶ್ನೆ ಕೇಳಿದ್ರೂ ಸರ್ಟಿಫಿಕೇಟು ಹಳೇದಾಗಲ್ಲ. ಇದನ್ನೇ ಉಲ್ಟಾ ಮಾಡಿ ಇವತ್ತೇ ಸರ್ಟಿಫಿಕೇಟ್ ತರಿಸಿ ಮೇ ಮೊದಲ ವಾರಕ್ಕೆ ಡೇಟ್ ಬಿದ್ರೆ, ಎಪಿಕ್ಕೋ ಹೆಸರೋ ಎಲ್ಲಾದ್ರೂ ನಿಂತ್ರೆ ಆಗಸ್ಟ್ ಮೊದಲ ವಾರಕ್ಕೆ ಅದೂ ಮುಗೀತು. ಬೇಗ ಬೇಕು ಅಂತ ಈ ದಾರಿ ಹಿಡಿಯೋದಾದ್ರೆ ಹಿಡೀಬಹುದು, ಮೂರನೇ ಸಲ ಫೀಸ್ ಕಟ್ಟೋ ಸಾಧ್ಯತೆ ಇದೆ ಅಂತ ಗೊತ್ತಿದ್ದು ಹಿಡೀರಿ. ಮೇಲಿಂದ ಜೂನ್ ಜುಲೈ ಮಳೇಲಿ ನಮ್ಮ ಕಡೆ ಕರೆಂಟು ನೆಟ್ಟು ಎರಡೂ ಹೋಗಿ ಮೂರು ದಿನ ಬರದೇ ಇರೋದು ನಿಮಗೇ ಗೊತ್ತು, ಸ್ಕ್ಯಾನ್ ಮಾಡೋದು, ಹೆಸರಿನ ಪತ್ರ, ಫೋಟೋ ಎಲ್ಲ ಮೇ ಒಳಗೆ ಮುಗಿಸಿ ಇಟ್ಕೊಂಡಿರಿ.

ಜುಲೈ ಜಾಯಿನಿಂಗ್ ಬಗ್ಗೆ ನಿಜ ಹೇಳ್ಬೇಕಂದ್ರೆ ಕಷ್ಟ. ಜಿಎಂಸಿ ರಿಜಿಸ್ಟ್ರೇಷನ್ ಬಂದ್ಮೇಲೇ ವೀಸಾದ ದೊಡ್ಡ ಕೆಲಸ ಸಾಗೋದು, ಹೊರಗಿಂದ ಹಾಕೋ ವೀಸಾಗೆ ಸಾಮಾನ್ಯವಾಗಿ 3 ವಾರ ಅಂತಾರೆ. ಅದಕ್ಕೆ ಟಿಬಿ ಟೆಸ್ಟ್ ಬೇಕು, ಪೊಲೀಸ್ ಕ್ಲಿಯರೆನ್ಸ್ ಬೇಕು. ಪೊಲೀಸ್ ಕ್ಲಿಯರೆನ್ಸನ್ನೇ ಗುಡ್ ಸ್ಟ್ಯಾಂಡಿಂಗ್ ಅಂದ್ಕೊಂಡು ಬರೋರೂ ಇದಾರೆ, ಅದು ಪಾಸ್‌ಪೋರ್ಟ್ ಆಫೀಸಿನ ಕಡೆಯದ್ದು, ವೀಸಾಗೆ, ಇದು ಕೌನ್ಸಿಲಿಂದು, ರಿಜಿಸ್ಟ್ರೇಷನ್ನಿಗೆ, ಒಂದರ ಬದ್ಲು ಇನ್ನೊಂದು ನಡೆಯಲ್ಲ. ಇಂಗ್ಲೆಂಡಲ್ಲಿ ಕೆಲಸ ಕೊಟ್ಟಿರೋ ಆಸ್ಪತ್ರೆ ಎಚ್‌ಆರ್‌ಗೆ ಈಗ್ಲೇ ಒಂದು ಮೇಲ್ ಹಾಕಿ, ಡಿಗ್ರಿ ವೆರಿಫಿಕೇಶನ್ ಬಾಕಿ ಇದೆ, ಗುಡ್ ಸ್ಟ್ಯಾಂಡಿಂಗ್ ಹೊಸದಾಗಿ ತಗೋಬೇಕಿದೆ, ಆಗಸ್ಟ್ ಕೊನೆಗೆ ಅಥ್ವಾ ಸೆಪ್ಟೆಂಬರಿಗೆ ಬದಲಾಯಿಸೋಕೆ ಆಗತ್ತಾ ಅಂತ. ಹೊರದೇಶದ ಡಾಕ್ಟರನ್ನ ತಗೊಳ್ಳೋರಿಗೆ ಇದು ಹೊಸದಲ್ಲ, ಜೂನ್ ಕೊನೇಲಿ ಹೇಳೋದಕ್ಕಿಂತ ಈಗ ಹೇಳಿದ್ರೆ ಅವ್ರಿಗೂ ಡ್ಯೂಟಿ ಹೊಂದಿಸೋಕೆ ಆಗತ್ತೆ.

ಒಂದ್ಸಲ ಜಿಎಂಸಿ ರಿಜಿಸ್ಟ್ರೇಷನ್ ಬಂದ್ರೆ ಆ ಸರ್ಟಿಫಿಕೇಟಿನ ಕೆಲಸ ಅಲ್ಲಿಗೆ ಮುಗೀತು, ಆಮೇಲೆ ಡೇಟ್ ದಾಟಿದ್ರೂ ಇಂಗ್ಲೆಂಡಲ್ಲಿ ನಿಮಗೇನೂ ಆಗಲ್ಲ, ಎಣಿಸ್ತಾ ಕೂರಬೇಡಿ. ಮತ್ತೆ ಬೇಕಾಗೋದು ಅಲ್ಲಿಂದ ಐರ್ಲೆಂಡಿಗೋ ಆಸ್ಟ್ರೇಲಿಯಾಕ್ಕೋ ಹೋಗೋಣ ಅಂದಾಗ. ಆಗ ಜಿಎಂಸಿ ತನ್ನದೇ ಒಂದು ಸರ್ಟಿಫಿಕೇಟನ್ನ ಆ ದೇಶಕ್ಕೆ ಕಳಿಸತ್ತೆ, ಜೊತೆಗೆ ಇಲ್ಲಿಂದ ಹೋಗಿ ತುಂಬಾ ವರ್ಷ ಆಗಿಲ್ಲ ಅಂದ್ರೆ ಇಲ್ಲಿನದ್ದೂ ಕೇಳ್ತಾರೆ. ಆ ಹೊತ್ತಲ್ಲಿ ಕರ್ನಾಟಕದ ರಿಜಿಸ್ಟ್ರೇಷನ್ ರಿನ್ಯೂ ಆಗದೆ ಬಿದ್ದಿದ್ರೆ ಕೌನ್ಸಿಲು ಗುಡ್ ಸ್ಟ್ಯಾಂಡಿಂಗ್ ಕೊಡೋ ಮುಂಚೆ ರಿನ್ಯೂ ಮಾಡಿಸಿ ಅನ್ನತ್ತೆ, ರಿನ್ಯೂವಲ್ಲಿಗೆ 5 ವರ್ಷದಲ್ಲಿ 30 ಗಂಟೆ ಸಿಎಂಇ ಅಂದ್ರೆ ಡಾಕ್ಟರುಗಳ ಮುಂದುವರಿದ ಕಲಿಕೆ ತೋರಿಸ್ಬೇಕು. ಹಾಗಾಗಿ ಇಲ್ಲಿಂದ ಹೋಗೋ ಮುಂಚೆ ನಿಮ್ಮ ರಿನ್ಯೂವಲ್ ಡೇಟ್ ಯಾವಾಗ ಅಂತ ನೋಡಿ ಮನೇಲಿ ಯಾರಿಗಾದ್ರೂ ಹೇಳಿಟ್ಟು, ಇಲ್ಲೀವರೆಗಿನ ಸಿಎಂಇ ಸರ್ಟಿಫಿಕೇಟುಗಳನ್ನ ಸ್ಕ್ಯಾನ್ ಮಾಡಿ ನಿಮ್ಮ ಇಮೇಲಿಗೇ ಕಳಿಸಿಕೊಂಡು ಹೋಗಿ.